ಹಿತ್ತಾಳೆ ದೀಪ ಬೆಳಗುವಾಗ ಹುಣಸೆಗಿಂತ ಮೊದಲು ಬೂದಿ

ಮದುವೆಯಾದ ಹೊಸತರಲ್ಲಿ ನಾನೊಂದು ಎಡವಟ್ಟು ಮಾಡಿದ್ದೆ. ಅಟ್ಟದಲ್ಲಿದ್ದ ಒಂದು ಜೋಡಿ ದೀಪದ ಕಂಬ ಕಪ್ಪಗಾಗಿದ್ದವು. ಅವನ್ನು ಹುಣಸೆ ನೀರಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ಬೆಳಿಗ್ಗೆ ತಾವಾಗಿಯೇ ಹೊಳೆಯುತ್ತವೆ ಅಂತ ಯಾರೋ ಹೇಳಿದ್ದರು. ಸರಿ, ಬಕೆಟ್ಟಿನಲ್ಲಿ ಮುಳುಗಿಸಿ ಮಲಗಿದೆ. ಬೆಳಿಗ್ಗೆ ತೆಗೆದು ನೋಡಿದರೆ ಕಂಬವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಎಣ್ಣೆ ಬಟ್ಟಲಿನ ಕರಿ ಮಾತ್ರ ಇದ್ದ ಹಾಗೇ ಇತ್ತು. ಅತ್ತೆ ಒಂದು ಗಳಿಗೆ ನೋಡಿ, "ಇದೇನಮ್ಮಾ, ಹಿತ್ತಾಳೆ ಕೊಟ್ಟರೆ ತಾಮ್ರ ಮಾಡಿಟ್ಟಿದ್ದೀಯಲ್ಲ" ಅಂದರು. ಬೈಯಲಿಲ್ಲ. ಒಲೆಯಿಂದ ಒಂದು ಹಿಡಿ ಬೂದಿ ತಂದು ನನ್ನ ಪಕ್ಕದಲ್ಲಿ ಕೂತರು.

ಅವತ್ತು ಕಲಿತದ್ದು ಇಷ್ಟು: ಹುಣಸೆ, ನಿಂಬೆ, ಬೂದಿ ಮೂರೂ ಒಳ್ಳೆಯವೇ. ಆದರೆ ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಹೊತ್ತು ಅನ್ನುವುದರಲ್ಲೇ ಎಲ್ಲ ಇದೆ. ಬಹಳ ಜನ ಹುಣಸೆಯಿಂದ ಶುರು ಮಾಡುತ್ತಾರೆ. ತಪ್ಪಾಗುವುದೇ ಅಲ್ಲಿ.

ದೀಪದ ಮೇಲೆ ಎರಡು ಬಗೆಯ ಕೊಳೆ

ದೀಪದ ಕಂಬದ ಕಾಲನ್ನೂ ಎಣ್ಣೆ ಬಟ್ಟಲನ್ನೂ ಪಕ್ಕಪಕ್ಕದಲ್ಲಿ ಮುಟ್ಟಿ ನೋಡಿ. ಕಾಲಿನ ಭಾಗ ಒಣಗಿದ ಕಂದು ಬಣ್ಣ, ಕೈಗೆ ಅಂಟುವುದಿಲ್ಲ. ಇದು ಗಾಳಿ ಮತ್ತು ತೇವಕ್ಕೆ ಹಿತ್ತಾಳೆಯೊಳಗಿನ ತಾಮ್ರ ಕಪ್ಪಾದದ್ದು. ಇದನ್ನು ಹುಳಿ ಕರಗಿಸುತ್ತದೆ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ. ಎರಡಕ್ಕೂ ಈ ಕೆಲಸ ಬರುತ್ತದೆ.

ಎಣ್ಣೆ ಬಟ್ಟಲಿನ ಕಥೆಯೇ ಬೇರೆ. ಅಲ್ಲಿ ಬತ್ತಿಯ ಮಸಿ ಇದೆ. ಕಾದು ಕಾದು ಅಂಟಿನ ಹಾಗೆ ಗಟ್ಟಿಯಾದ ಎಣ್ಣೆ ಇದೆ. ಮೂಲೆಯಲ್ಲಿ ಹಸಿರು ಮೇಣದಂಥ ಜಿಡ್ಡೂ ಇರುತ್ತದೆ. ಆ ಹಸಿರನ್ನು ಎಲ್ಲರೂ ಕಿಲುಬು ಅನ್ನುತ್ತೇವೆ. ಆದರೆ ಒಣ ಜಾಗದಲ್ಲಿ ಪುಡಿಪುಡಿಯಾಗಿ ಏಳುವ ಕಿಲುಬಿಗೂ ಇದಕ್ಕೂ ವ್ಯತ್ಯಾಸವಿದೆ. ಹಳಸಿದ ಎಣ್ಣೆಯ ಹುಳಿ ತಾಮ್ರವನ್ನು ತಿಂದು ಆದ ಜಿಡ್ಡು ಇದು. ಇದರ ಮೇಲೆ ಹುಣಸೆ ಸುರಿದರೆ ತಾವರೆ ಎಲೆ ಮೇಲಿನ ನೀರಿನ ಹಾಗೆ ಜಾರಿಹೋಗುತ್ತದೆ. ಹುಳಿ ಲೋಹವನ್ನು ಮುಟ್ಟುವುದೇ ಇಲ್ಲ. ನನ್ನ ದೀಪದ ಬಟ್ಟಲು ಹಾಗೇ ಉಳಿದದ್ದು ಇದಕ್ಕೇ.

ಜಿಡ್ಡಿಗೆ ಬೇಕಾದದ್ದು ಬೂದಿ. ಕಟ್ಟಿಗೆ ಬೂದಿಯಲ್ಲಿ ಕ್ಷಾರ ಇರುತ್ತದೆ. ಬಿಸಿ ನೀರು ಸೇರಿದರೆ ಅದು ಎಣ್ಣೆಯನ್ನು ಸೋಪಿನ ಥರ ಮಾಡಿ ಬಿಡಿಸುತ್ತದೆ. ಬೂದಿ ಕಲಸಿದ ನೀರು ಬೆರಳಿಗೆ ನುಣ್ಣಗೆ ಜಾರುತ್ತದಲ್ವಾ, ಅದು ಈ ಕ್ಷಾರದಿಂದಲೇ. ಹಾಗಾಗಿ ಬೂದಿಗೆ ಎರಡು ಸಲ ಕೆಲಸ. ಮೊದಲು ಜಿಡ್ಡು ತೆಗೆಯಲು, ಕೊನೆಗೆ ಹೊಳಪು ಕೊಡಲು. ಹುಳಿ ಇವೆರಡರ ನಡುವೆ ಬಂದು ಹೋಗಬೇಕು.

ಹಾಗಾದರೆ ಬೂದಿ, ಹುಣಸೆ ಎರಡನ್ನೂ ಒಟ್ಟಿಗೆ ಕಲಸಿ ತಿಕ್ಕಬಹುದಲ್ಲ ಅಂತ ಕೇಳುವವರಿದ್ದಾರೆ. ಕಲಸಿ ನೋಡಿ, ಸಣ್ಣಗೆ ನೊರೆ ಬರುತ್ತದೆ. ಕ್ಷಾರವೂ ಹುಳಿಯೂ ಒಂದನ್ನೊಂದು ಸಾಯಿಸುತ್ತಿರುವುದರ ಗುರುತು ಅದು. ಆಮೇಲೆ ಉಳಿಯುವುದು ಬರೀ ಕೆಸರು. ಅದರಿಂದ ತಿಕ್ಕಿದರೆ ಹೊಳೆಯುವುದಿಲ್ಲ ಅಂತಲ್ಲ, ಆದರೆ ಆ ಹೊಳಪು ನಿಮ್ಮ ತೋಳಿನ ಬಲದ್ದು, ಹುಳಿಯದ್ದಲ್ಲ.

ಶುರು ಮಾಡುವ ಮುಂಚೆ ಎರಡು ನಿಮಿಷ

ದೀಪಕ್ಕೆ ಒಂದು ಅಯಸ್ಕಾಂತ ತಾಗಿಸಿ ನೋಡಿ. ಫ್ರಿಜ್ ಬಾಗಿಲಿಗೆ ಅಂಟಿಸುವುದಾದರೂ ಸಾಕು. ಅಂಟಿಕೊಂಡರೆ ಒಳಗೆ ಕಬ್ಬಿಣ ಇದೆ, ಮೇಲೆ ಹಿತ್ತಾಳೆಯ ಲೇಪ ಅಷ್ಟೇ. ಅಂಥದ್ದನ್ನು ತಿಕ್ಕಿದರೆ ಲೇಪ ಹೋಗುತ್ತದೆ, ಹುಳಿ ಹಾಕಿದರೆ ತುಕ್ಕು ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟುಬಿಡಿ.

ಎರಡನೆಯದು, ಪೀಠದ ಅಡಿಯಲ್ಲಿ ಕಾಣದ ಕಡೆ ಒಂದು ಹನಿ ನಿಂಬೆರಸ ಹಾಕಿ ಎರಡು ನಿಮಿಷ ಬಿಡಿ. ಒರೆಸಿದಾಗ ಅಲ್ಲೊಂದು ತಿಳಿ ಹಳದಿ ಚುಕ್ಕೆ ಕಂಡರೆ ಬರೀ ಹಿತ್ತಾಳೆ, ಮುಂದುವರಿಯಬಹುದು. ಏನೂ ಬದಲಾಗದಿದ್ದರೆ ಒಂದೋ ಅಲ್ಲಿ ಜಿಡ್ಡಿದೆ, ಇಲ್ಲವೇ ಮೇಲೆ ಪಾರದರ್ಶಕ ವಾರ್ನಿಷ್ ಇದೆ. ಈಗ ಅಂಗಡಿಯಲ್ಲಿ ಸಿಗುವ ಅಲಂಕಾರದ ದೀಪಗಳಲ್ಲಿ ಈ ವಾರ್ನಿಷ್ ಜಾಸ್ತಿ. ಸೋಪಿನ ನೀರಲ್ಲಿ ಆ ಜಾಗ ತೊಳೆದು ಮತ್ತೆ ನಿಂಬೆ ಹಾಕಿ. ಆಗಲೂ ಚುಕ್ಕೆ ಬಾರದಿದ್ದರೆ ಹುಳಿಯೂ ಬೇಡ, ಬೂದಿಯೂ ಬೇಡ. ಉಗುರುಬೆಚ್ಚಗಿನ ಸೋಪಿನ ನೀರೇ ಸಾಕು.

ಬೂದಿ ಯಾವುದು

ಕಟ್ಟಿಗೆ ಒಲೆಯ ಬೂದಿ, ತೆಂಗಿನ ಗರಿ, ಚಿಪ್ಪು ಸುಟ್ಟ ಬೂದಿ ಚೆನ್ನಾಗಿ ಆಗುತ್ತವೆ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಸೇರಿದ ಬೂದಿ ಬೇಡವೇ ಬೇಡ. ಭತ್ತದ ಹೊಟ್ಟಿನ ಬೂದಿ ನೋಡಲು ನುಣುಪು, ಆದರೆ ಅದರಲ್ಲಿ ಗಾಜಿನಂಥ ಗಟ್ಟಿ ಕಣಗಳಿರುತ್ತವೆ, ಹಿತ್ತಾಳೆಗೆ ಗೀರು ಬೀಳುತ್ತದೆ. ಇಟ್ಟಿಗೆ ಪುಡಿ, ರಂಗೋಲಿ ಕಲ್ಲಿನ ಪುಡಿಯ ಕಥೆಯೂ ಅದೇ. ತಿಕ್ಕಿದ ತಕ್ಷಣ ಫಳಫಳ ಅನ್ನುತ್ತದೆ, ಬೆಳಕಿಗೆ ಹಿಡಿದರೆ ಗೀರುಗಳ ಜಾಲ ಕಾಣುತ್ತದೆ. ಆ ಗೀರುಗಳಲ್ಲಿ ಎಣ್ಣೆ, ಧೂಳು ಕೂತು ಮುಂದಿನ ಸಲ ಇನ್ನೂ ಬೇಗ ಕಪ್ಪಾಗುತ್ತದೆ.

ಬೂದಿ ಪೂರ್ತಿ ಆರಿದ ಮೇಲೆ ಜರಡಿಯಲ್ಲಿ ಒಮ್ಮೆ, ಹಳೇ ಪಂಚೆಯ ತುಂಡಿನಲ್ಲಿ ಇನ್ನೊಮ್ಮೆ ಸೋಸಿ. ಎರಡು ಬೆರಳ ನಡುವೆ ತಿಕ್ಕಿದರೆ ಟಾಲ್ಕಂ ಪೌಡರಿನ ಹಾಗೆ ಇರಬೇಕು. ಗರಗರ ಅಂದರೆ ಮತ್ತೆ ಸೋಸಿ. ಒಂದಡಿ ಎತ್ತರದ ಎರಡು ದೀಪ, ಜೊತೆಗೊಂದು ಪೂಜೆ ಗಂಟೆ, ಇಷ್ಟಕ್ಕೆ ಸೋಸಿದ ಬೂದಿ ಮೂರು ಹಿಡಿ ಸಾಕು.

ಮನೆಯಲ್ಲಿ ಗ್ಯಾಸ್ ಒಲೆ ಮಾತ್ರ ಇದ್ದರೆ? ಜಿಡ್ಡು ತೆಗೆಯಲು ಪಾತ್ರೆ ಸೋಪು ಮತ್ತು ಬಿಸಿ ನೀರು ಬಳಸಿ, ಅದೇನೂ ಅಪಚಾರ ಅಲ್ಲ. ಕೊನೆಯ ಹೊಳಪಿಗೆ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ವಿಭೂತಿ ಗಟ್ಟಿಯನ್ನು ಪುಡಿ ಮಾಡಿಕೊಳ್ಳಿ.

ಮೊದಲ ಸುತ್ತು: ಜಿಡ್ಡು

ದೀಪದ ತಿರುಪುಗಳನ್ನು ಬಿಚ್ಚಿ. ಪೀಠ, ಕಂಬ, ಬಟ್ಟಲು, ತುದಿಯ ಹಂಸ, ಎಲ್ಲ ಬೇರೆ ಮಾಡಿ. ಜೋಡಿ ದೀಪವಾದರೆ ಒಂದರ ತುಂಡು ಇನ್ನೊಂದಕ್ಕೆ ಸೇರದ ಹಾಗೆ ಬೇರೆ ಬೇರೆ ತಟ್ಟೆಯಲ್ಲಿಡಿ. ಹಳೇ ದೀಪಗಳ ತಿರುಪು ಅದಲುಬದಲಾದರೆ ಆಮೇಲೆ ಕೂರುವುದೇ ಇಲ್ಲ. ತಿರುಪು ಬಿಗಿದಿದ್ದರೆ ಇಕ್ಕಳ ಹಾಕಬೇಡಿ. ಎರಡು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ.

ಬಟ್ಟಲಲ್ಲಿ ಉಳಿದ ಎಣ್ಣೆಯನ್ನು ಹಳೇ ಬತ್ತಿಯಿಂದಲೇ ಒರೆಸಿ. ಒಂದು ಹಿಡಿ ಬೂದಿಗೆ ಬಿಸಿ ನೀರು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಬಟ್ಟಲಿಗೂ ಬತ್ತಿ ಇಡುವ ಮೂತಿಗೂ ದಪ್ಪಗೆ ಮೆತ್ತಿ ಅರ್ಧ ಗಂಟೆ ಬಿಡಿ. ಆಮೇಲೆ ತೆಂಗಿನ ನಾರಿನಿಂದ ತಿಕ್ಕಿ. ಬೂದಿ ಕಪ್ಪು ಹಸಿರಿಗೆ ತಿರುಗಿ ಕೆಸರಾದರೆ ಜಿಡ್ಡು ಬಿಡುತ್ತಿದೆ ಅಂತ.

ಮೂತಿಯ ಹತ್ತಿರ ಜೇನು ಬಣ್ಣದ, ಬೆಲ್ಲದ ಪಾಕ ಒಣಗಿದಂಥ ಪದರ ಇರುತ್ತದೆ. ಅದು ಸುಟ್ಟ ಎಣ್ಣೆ, ಅರ್ಧ ಗಂಟೆಗೆಲ್ಲ ಬಗ್ಗುವುದಿಲ್ಲ. ಬೂದಿ ಮೆತ್ತಿ, ಅದರ ಮೇಲೆ ಒದ್ದೆ ಬಟ್ಟೆ ಸುತ್ತಿ ರಾತ್ರಿಯಿಡೀ ಬಿಡಿ. ಬೂದಿಯನ್ನು ಹೀಗೆ ಬಿಡಬಹುದು, ಹುಳಿಯನ್ನು ಬಿಡಬಾರದು. ಬೆಳಿಗ್ಗೆ ಬಿದಿರು ಕಡ್ಡಿಯಿಂದ ಕೆರೆದರೆ ಸಿಪ್ಪೆಯಂತೆ ಏಳುತ್ತದೆ. ಚಾಕು ಬೇಡ, ಕಬ್ಬಿಣದ ಉಜ್ಜುವ ನಾರೂ ಬೇಡ.

ಕೆಲವರು ಇಡೀ ದೀಪವನ್ನು ಬೂದಿ ನೀರಲ್ಲಿ ಕುದಿಸುತ್ತಾರೆ. ನಾನು ಕುದಿಸುವುದಿಲ್ಲ. ಟೊಳ್ಳು ಪೀಠದ ಕೆಲವು ದೀಪಗಳಿಗೆ ತೂಕಕ್ಕೆ ಅಂತ ಒಳಗೆ ಅರಗನ್ನೋ ಮಣ್ಣನ್ನೋ ತುಂಬಿರುತ್ತಾರೆ. ಕಾದರೆ ಅದು ಕರಗಿ ಸೋರಿ ಹೊಸ ಕೆಲಸ ತಂದಿಡುತ್ತದೆ. ಇನ್ನೊಂದು ಮಾತು, ಬಿಸಿ ಬೂದಿ ನೀರು ಚರ್ಮವನ್ನು ಸುಲಿಯುವಷ್ಟು ಒಣಗಿಸುತ್ತದೆ. ಕೈಗೆ ಗ್ಲೌಸ್ ಹಾಕಿ, ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ.

ಜಿಡ್ಡು ಹೋಯಿತೋ ಇಲ್ಲವೋ ಅಂತ ತಿಳಿಯುವುದು ಸುಲಭ. ತೊಳೆದ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ನೀರು ತೆಳುವಾಗಿ ಹಾಸಿಕೊಂಡು ಇಳಿದರೆ ಸರಿ. ಹನಿಹನಿಯಾಗಿ ಕೂಡಿಕೊಂಡರೆ ಅಲ್ಲಿ ಇನ್ನೂ ಎಣ್ಣೆ ಇದೆ. ಆ ಜಾಗಕ್ಕೆ ಮಾತ್ರ ಮತ್ತೆ ಬೂದಿ ಹಚ್ಚಿ. ಈ ಪರೀಕ್ಷೆ ಪಾಸಾಗದೆ ಮುಂದೆ ಹೋಗಬೇಡಿ.

ಎರಡನೇ ಸುತ್ತು: ಹುಣಸೆ

ನಿಂಬೆ ಗಾತ್ರದ ಎರಡು ಉಂಡೆ ಹುಣಸೆಹಣ್ಣನ್ನು ಒಂದು ಲೋಟ ಬಿಸಿ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಗೊಜ್ಜಿನ ಹದಕ್ಕೆ ಕಿವುಚಿ. ಹಳೇ ಕಪ್ಪು ಹುಣಸೆಯೇ ಆಗುತ್ತದೆ, ಹೊಸದನ್ನು ಸುಮ್ನೆ ಖರ್ಚು ಮಾಡಬೇಡಿ. ಬೀಜ, ನಾರು, ಓಡಿನ ಚೂರು ತೆಗೆದುಬಿಡಿ. ಹಿಪ್ಪೆ ಇರಲಿ, ತಿಕ್ಕಲು ಅದೇ ಒಳ್ಳೆಯದು.

ಒಂದು ಸಲಕ್ಕೆ ಒಂದು ತುಂಡು ಮಾತ್ರ ತೆಗೆದುಕೊಳ್ಳಿ. ಹುಣಸೆ ಬಳಿದು ಐದು ನಿಮಿಷ ಬಿಡಿ. ಕಪ್ಪು ಕರಗಿ ಹಿಪ್ಪೆಯ ಅಡಿಯಲ್ಲಿ ಹಳದಿ ಕಾಣತೊಡಗುತ್ತದೆ. ಆಗ ಹಿಪ್ಪೆಯಿಂದಲೇ ಸುತ್ತಿಸುತ್ತಿ ತಿಕ್ಕಿ, ಕೂಡಲೇ ತೊಳೆಯಿರಿ. ಇನ್ನೂ ಕಪ್ಪು ಇದ್ದರೆ ಮತ್ತೆ ಐದು ನಿಮಿಷ. ಮೂರು ಸಲ ಐದೈದು ನಿಮಿಷ ಮಾಡಿದ್ದಕ್ಕೂ ಒಂದೇ ಸಲ ಎರಡು ಗಂಟೆ ನೆನೆಸಿದ್ದಕ್ಕೂ ಬಹಳ ವ್ಯತ್ಯಾಸವಿದೆ.

ಕಾರಣ ಹೇಳಿಬಿಡುತ್ತೇನೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತುವಿನ ಬೆರಕೆ. ಹುಳಿಗೆ ಮೇಲಿನ ಕಪ್ಪು ಮುಗಿದ ಮೇಲೆ ತಿನ್ನಲು ಸಿಗುವುದು ಸತು. ಅದು ಹೋದಂತೆಲ್ಲ ಮೇಲ್ಮೈಯಲ್ಲಿ ತಾಮ್ರವೇ ಉಳಿಯುತ್ತದೆ. ನನ್ನ ದೀಪ ಗುಲಾಬಿಯಾದದ್ದು ಹೀಗೆ. ಕಬ್ಬಿಣದ ಬಾಣಲೆಯಲ್ಲಿ ನೆನೆಸಿದರೆ ಇನ್ನೂ ಕೆಟ್ಟದು. ನೀರಲ್ಲಿ ಕರಗಿದ ತಾಮ್ರ ವಾಪಸ್ ಬಂದು ದೀಪದ ಮೇಲೆ ಕೂರುತ್ತದೆ. ಹಾಗಾಗಿ ಪ್ಲಾಸ್ಟಿಕ್ ಟಬ್ಬೇ ಇರಲಿ.

ಗುಲಾಬಿ ಬಂದೇಬಿಟ್ಟರೆ ಗಾಬರಿ ಬೇಡ. ಆ ಪದರ ತೆಳುವಾಗಿದ್ದರೆ ಒದ್ದೆ ಬೂದಿಯಿಂದ ತಿಕ್ಕಿದಾಗ ಹೋಗುತ್ತದೆ. ಅತ್ತೆ ಅವತ್ತು ಮಾಡಿದ್ದು ಅದನ್ನೇ. ಒಂದು ದೀಪಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ತಿಕ್ಕಿದ್ದು ನಾನು, ಅವರು ಪಕ್ಕದಲ್ಲಿ ಕೂತು ತೋರಿಸುತ್ತಿದ್ದರು. ಮತ್ತೆ ಹುಳಿ ಹಚ್ಚಿದರೆ ಮಾತ್ರ ಗುಲಾಬಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹುಣಸೆಗೆ ಉಪ್ಪು ಸೇರಿಸಿದರೆ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಉಪ್ಪು ಕೆತ್ತನೆಯ ಸಂದಿಯಲ್ಲಿ ಒಂದು ಕಣ ಉಳಿದರೂ ಅಲ್ಲಿಂದಲೇ ಹೊಸ ಕಿಲುಬು ಏಳುತ್ತದೆ. ನುಣ್ಣನೆಯ ತಟ್ಟೆಗೆ ಬೇಕಾದರೆ ಹಾಕಿ. ಕೆತ್ತನೆ ದೀಪಕ್ಕೆ ನಾನು ಹಾಕುವುದಿಲ್ಲ.

ಬಳಸಿದ ಹುಣಸೆ ಹಿಪ್ಪೆ, ನೀರು ಹಸಿರುಗಪ್ಪಾಗಿರುತ್ತದೆ. ಅದರಲ್ಲಿ ತಾಮ್ರ ಸೇರಿರುತ್ತದೆ. ಹಸುವಿನ ಕಲಗಚ್ಚಿಗೆ ಹಾಕಬೇಡಿ, ತುಳಸಿ ಬುಡಕ್ಕೂ ಸುರಿಯಬೇಡಿ. ಹಿಪ್ಪೆ ಕಸದ ಬುಟ್ಟಿಗೆ, ನೀರು ಮೋರಿಗೆ. ಬೂದಿ ಕೆಸರನ್ನು ಮಾತ್ರ ಸಿಂಕಿಗೆ ಬಿಡಬೇಡಿ, ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ.

ಗಂಟೆಗೆ ನಿಂಬೆ

ಗಂಟೆಯನ್ನು ಬೇರೆಯಾಗಿ ನೋಡಬೇಕು. ಹಳೇ ಪೂಜೆ ಗಂಟೆಗಳು ಬಹಳ ಸಲ ಹಿತ್ತಾಳೆಯವಲ್ಲ, ಕಂಚಿನವು. ಕಂಚು ಅಂದರೆ ತಾಮ್ರ ಮತ್ತು ತವರ. ಬಣ್ಣ ಸ್ವಲ್ಪ ಬಿಳಿಚು, ನಾದ ಉದ್ದ. ತಿಕ್ಕಿದ ಮೇಲೆ ದೀಪದಷ್ಟು ಹಳದಿ ಬರಲಿಲ್ಲ ಅಂತ ಮತ್ತೆ ಮತ್ತೆ ಹುಳಿ ಹಚ್ಚಬೇಡಿ, ಅದರ ಬಣ್ಣವೇ ಅಷ್ಟು. ಕಂಚು ಗಟ್ಟಿ, ಆದರೆ ಪೆಡಸು. ಒದ್ದೆ ಕೈಯಿಂದ ಕಲ್ಲಿನ ಮೇಲೆ ಜಾರಿ ಬಿದ್ದರೆ ಬಿರುಕು ಬಿಡುತ್ತದೆ, ಆಮೇಲೆ ಗಂಟೆ ಬಡಿದರೆ ಒಡಕು ಮಡಕೆಯ ಸದ್ದು. ಗಂಟೆ ತೊಳೆಯುವಾಗ ಕೆಳಗೆ ಒಂದು ಟವೆಲ್ ಹಾಸಿಕೊಳ್ಳಿ.

ಶುರು ಮಾಡುವ ಮೊದಲು ಒಮ್ಮೆ ಬಾರಿಸಿ ನಾದ ಕೇಳಿಕೊಳ್ಳಿ. ನಾಲಿಗೆಗೆ ಅಯಸ್ಕಾಂತ ಹಿಡಿಯಿರಿ. ಕೆಲವು ಗಂಟೆಗಳ ನಾಲಿಗೆ ಅಥವಾ ಅದು ತೂಗುವ ಕೊಂಡಿ ಕಬ್ಬಿಣದ್ದು. ಹುಳಿ ತಾಗಿದರೆ ಅದು ಕಪ್ಪಾಗಿ ತುಕ್ಕು ಹಿಡಿದು, ಗಂಟೆಯೊಳಗೆ ಕಂದು ನೀರು ಇಳಿಯುತ್ತದೆ. ಹಾಗಿದ್ದರೆ ನಾಲಿಗೆಗೆ ಸಣ್ಣ ಪ್ಲಾಸ್ಟಿಕ್ ಕವರ್ ಸುತ್ತಿ ದಾರ ಕಟ್ಟಿ.

ಹಿಡಿಯ ಮೇಲಿನ ಗರುಡನ ರೆಕ್ಕೆ, ನಂದಿಯ ಕುತ್ತಿಗೆ, ಅಲ್ಲೆಲ್ಲ ಕುಂಕುಮ, ಗಂಧ, ಎಣ್ಣೆ ಸೇರಿ ಗಟ್ಟಿಯಾಗಿರುತ್ತದೆ. ಅದನ್ನು ಮೊದಲು ಬೂದಿ ಮತ್ತು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಿರಿ. ಆಮೇಲೆ ನಿಂಬೆ ಹೋಳು. ಇಲ್ಲಿ ಹುಣಸೆ ಬೇಡ ಅನ್ನಲು ಕಾರಣ ಹಿಪ್ಪೆ. ಅದು ಸಂದಿಯಲ್ಲೂ ನಾಲಿಗೆಯ ಕೊಂಡಿಯಲ್ಲೂ ಸಿಕ್ಕಿಕೊಂಡು ಒಣಗುತ್ತದೆ. ನಿಂಬೆರಸ ತೆಳು, ಸಂದಿಗೆ ಹೋಗುತ್ತದೆ, ತೊಳೆದರೆ ಬರುತ್ತದೆ. ಅರ್ಧ ನಿಂಬೆಯನ್ನು ಹಿಂಡುತ್ತಾ ಹೊರಗೆಲ್ಲ ಸವರಿ, ಮೂರು ನಿಮಿಷ ಬಿಟ್ಟು, ಬ್ರಷ್ ಆಡಿಸಿ ತೊಳೆಯಿರಿ. ಒಳಗೂ ಒಮ್ಮೆ ಸವರಿದರೆ ಸಾಕು. ಕೈಯಲ್ಲಿ ಗಾಯವಿದ್ದರೆ ನಿಂಬೆ ಕೆಲಸ ಬೇರೆಯವರಿಗೆ ಬಿಡಿ, ಉರಿ ತಡೆಯಲಾಗದು.

ಮುಗಿದ ಮೇಲೆ ಮತ್ತೆ ಬಾರಿಸಿ. ನಾದ ಮೊದಲಿಗಿಂತ ಮಂಕಾಗಿ ಕೇಳಿಸಿದರೆ ಕೊಂಡಿಯ ಹತ್ತಿರ ಬೂದಿ ಕೂತಿದೆ. ಬಿಸಿ ನೀರು ಸುರಿದು ನಾಲಿಗೆ ಆಡಿಸಿ.

ಮೂರನೇ ಸುತ್ತು: ಮತ್ತೆ ಬೂದಿ

ಹುಳಿ ಬಿಟ್ಟ ಹಿತ್ತಾಳೆ ಹಳದಿ ಇರುತ್ತದೆ, ಆದರೆ ಹೊಳೆಯುವುದಿಲ್ಲ. ಹಾಗೇ ಬಿಟ್ಟರೆ ಸಂಜೆಯೊಳಗೆ ಮಂಕಾಗುತ್ತದೆ, ಏಕೆಂದರೆ ಹುಳಿಯ ಅಂಶ ಇನ್ನೂ ಅಲ್ಲಿದೆ. ಒಂದು ಹಿಡಿ ನುಣ್ಣನೆಯ ಬೂದಿಗೆ ಬರೀ ಒದ್ದೆಯಾಗುವಷ್ಟು ನೀರು ಚಿಮುಕಿಸಿ, ಹತ್ತಿ ಬಟ್ಟೆಯಲ್ಲಿ ಅದ್ದಿ ಒಂದೇ ದಿಕ್ಕಿಗೆ ತಿಕ್ಕಿ. ಕಂಬಕ್ಕೆ ಉದ್ದುದ್ದ, ಬಟ್ಟಲಿಗೆ ಸುತ್ತ. ಬೂದಿಯ ಕ್ಷಾರ ಉಳಿದ ಹುಳಿಯನ್ನು ಸಾಯಿಸುತ್ತದೆ, ನುಣ್ಣನೆಯ ಕಣ ಹೊಳಪು ತರುತ್ತದೆ. ಎರಡು ಕೆಲಸ ಒಂದೇ ಸಲ. ಮೂರ್ನಾಲ್ಕು ನಿಮಿಷ ತಿಕ್ಕಿದ ಮೇಲೆ ತೊಳೆದು ಹೆಬ್ಬೆರಳು ಎಳೆದರೆ ಕಿರ್ ಅನ್ನಬೇಕು. ಆ ಸದ್ದು ಬಂದರೆ ಸರಿ.

ಎರಡು ನೀರು ಬದಲಿಸಿ ತೊಳೆದು, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ತಾನಾಗಿ ಒಣಗಲಿ ಅಂತ ಬಿಟ್ಟರೆ ಬೋರ್‌ವೆಲ್ ನೀರಿನ ಬಿಳಿ ಕಲೆ ಕೂರುತ್ತದೆ. ಆಮೇಲೆ ತುಂಡುಗಳನ್ನು ಕವುಚಿ ಬಿಸಿಲಿಗೆ ಅರ್ಧ ಗಂಟೆ ಇಡಿ. ತಿರುಪಿನ ತೂತಿನೊಳಗಿನ ನೀರನ್ನು ಬಟ್ಟೆಯ ಸುರುಳಿ ತೂರಿಸಿ ತೆಗೆಯಿರಿ. ಮೂರನೇ ದಿನ ಜೋಡಣೆಯ ಜಾಗದಲ್ಲಿ ಹಸಿರು ಉಂಗುರ ಕಂಡರೆ ಅಲ್ಲಿ ನೀರು ಉಳಿದಿತ್ತು ಅಂತಲೇ ಅರ್ಥ. ಪೂರ್ತಿ ಒಣಗಿದ ಮೇಲೆ ಒಂದು ಚಿಟಿಕೆ ಒಣ ಬೂದಿ ಅಥವಾ ವಿಭೂತಿ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಇನ್ನೊಮ್ಮೆ ಸವರಿದರೆ ಬರುವ ಥಳಕು ಬೇರೆಯೇ. ಜೋಡಿಸುವಾಗ ಬಟ್ಟೆಯಲ್ಲಿ ಹಿಡಿದುಕೊಳ್ಳಿ. ಬೆವರು ಕೈಯ ಬೆರಳಚ್ಚು ಎರಡು ದಿನದಲ್ಲಿ ಕಂದಾಗಿ ಎದ್ದು ಕಾಣುತ್ತದೆ.

ಹೊಳಪು ಉಳಿಯಬೇಕಾದರೆ ಮುಖ್ಯವಾಗಿ ನೋಡಬೇಕಾದದ್ದು ಎಣ್ಣೆ ಬಟ್ಟಲು. ದೀಪ ಶಾಂತವಾಗಿ ಆರಿದ ಮೇಲೆ ಉಳಿದ ಎಣ್ಣೆಯನ್ನು ವಾರಗಟ್ಟಲೆ ಹಾಗೇ ಬಿಡಬೇಡಿ, ಬತ್ತಿಯಿಂದಲೇ ಒರೆಸಿ ತೆಗೆಯಿರಿ. ಹಬ್ಬ ಮುಗಿಸಿ ಎತ್ತಿಡುವ ದೀಪವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ. ರಬ್ಬರ್ ಬ್ಯಾಂಡ್ ಹಾಕಬೇಡಿ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಅದು ತಾಗಿದ ಜಾಗದಲ್ಲಿ ಕಪ್ಪು ಪಟ್ಟಿ ಮೂಡುತ್ತದೆ. ನಮ್ಮ ಒಂದು ದೀಪದ ಕಂಬದ ನಡುವೆ ಅಂಥ ಪಟ್ಟಿ ಇತ್ತು. ನಾಲ್ಕು ಸುತ್ತು ಹುಣಸೆ ಹಚ್ಚಿದರೂ ನೆರಳಿನ ಹಾಗೆ ಉಳಿದಿತ್ತು. ಕೊನೆಗೆ ಬೂದಿಯಲ್ಲಿ ಎರಡು ಶುಕ್ರವಾರ ತಿಕ್ಕಿದ ಮೇಲೆ ಹೋಯಿತು.